ಒಂದೇ ಸಂಬಳದ ಮನೆಗೆ ಜೀವ ವಿಮೆ: ಹೆದರಿಸದೆ ಹೇಳುವ ಘೋಷವಾಕ್ಯ ಬೇಕು

ಅಡಿಬರಹದವ

ಬೆಂಗಳೂರಿನ ಒಂದು ಸಣ್ಣ ಜಾಹೀರಾತು ಸಂಸ್ಥೆಯಲ್ಲಿ ಕನ್ನಡ ಬರವಣಿಗೆಯ ಕೆಲಸ ನನ್ನದು. ಒಂದು ವಿಮಾ ಕಂಪನಿಯ ಹೊಸ ಟರ್ಮ್ ಯೋಜನೆಗೆ ಘೋಷವಾಕ್ಯ ಬರೆಯಬೇಕಿದೆ. ಒಬ್ಬರ ಸಂಬಳದಲ್ಲೇ ನಡೆಯುವ ಮನೆಗಳಿಗೆಂದು ರೂಪಿಸಿದ ಯೋಜನೆ ಇದು. ಪಾಲಿಸಿದಾರರು ತೀರಿಕೊಂಡರೆ ಇಡೀ ಮೊತ್ತವನ್ನು ಒಂದೇ ಸಲ ಕೊಡುವುದಿಲ್ಲ. ನಾಮಿನಿಯ ಖಾತೆಗೆ 15 ವರ್ಷ ಪ್ರತಿ ತಿಂಗಳೂ ನಿಗದಿತ ಹಣ ಬರುತ್ತದೆ. ಪಾಲಿಸಿದಾರರು ಅವಧಿ ಮುಗಿಯುವವರೆಗೆ ಬದುಕಿದ್ದರೆ ಏನೂ ವಾಪಸು ಬರುವುದಿಲ್ಲ.

ಕಂಪನಿಯವರು ಹಾಕಿದ ಷರತ್ತು ಒಂದೇ: ಹೆದರಿಸಬಾರದು. ಹಾರ ಹಾಕಿದ ಫೋಟೊ, ಖಾಲಿ ಕುರ್ಚಿ, ಬಾಗಿಲಲ್ಲಿ ನಿಂತ ಮಗು ಯಾವುದೂ ಬೇಡವಂತೆ. ಇಲ್ಲಿಯವರೆಗೆ ನನ್ನ ಪಟ್ಟಿಯಲ್ಲಿ ಉಳಿದಿರುವ ಸಾಲುಗಳು ಇವು:

ನೀವಿಲ್ಲದಿದ್ದರೂ ಮನೆ ನಡೆಯುತ್ತದೆ
ಒಬ್ಬರ ದುಡಿಮೆ, ಎಲ್ಲರ ನೆಮ್ಮದಿ
ನಾಳೆಯ ಚಿಂತೆ ನಮಗಿರಲಿ
ಒಂದನೇ ತಾರೀಕು ಎಂದಿಗೂ ತಪ್ಪದು

ನಾಲ್ಕನೆಯದರ ಮೇಲೆ ನನಗೆ ಸ್ವಲ್ಪ ಮೋಹ. ಹೊಡೆಯುವುದಾದರೆ ಅದನ್ನೇ ಮೊದಲು ಹೊಡೆಯಿರಿ.

ಹುಬ್ಬಳ್ಳಿ ಏಜೆಂಟ್

ಸರ್, ಕೂದಲು ಬೆಳ್ಳಗಾಗುವಷ್ಟು ಕಾಲ ಪಾಲಿಸಿ ಮಾರಿದ್ದೇನೆ. ಭಯವಿಲ್ಲದೆ ಯಾರೂ ಸಹಿ ಹಾಕುವುದಿಲ್ಲ. ಪಕ್ಕದ ಮನೆಯಲ್ಲಿ ಸಾವಾದ ವಾರ ಫೋನ್ ತಾವಾಗಿ ಬರುತ್ತವೆ, ಉಳಿದ ದಿನ ನಾವೇ ಬಾಗಿಲು ಬಡಿಯಬೇಕು. ನೀವು ಎಷ್ಟೇ ಮೃದುವಾಗಿ ಬರೆದರೂ ಕೊನೆಗೆ ಏಜೆಂಟ್ ಜನರ ಮುಂದೆ ಕುಳಿತು ‘ನಾಳೆ ನಿಮಗೆ ಏನಾದರೂ ಆದರೆ’ ಎಂದೇ ಮಾತು ಶುರು ಮಾಡುತ್ತಾನೆ. ಘೋಷವಾಕ್ಯದ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಮೊದಲನೆಯದನ್ನೇ ಇಟ್ಟುಕೊಳ್ಳಿ, ನೇರವಾಗಿದೆ.

ಕ್ಲೇಮ್ ಮೇಜು

ಏಜೆಂಟರು ಹೇಳಿದ್ದು ಅರ್ಧ ನಿಜ. ಸಹಿ ಹಾಕಿಸುವುದಕ್ಕೆ ಭಯ ಸಾಕು, ಪ್ರತಿ ವರ್ಷ ಕಂತು ಕಟ್ಟಿಸುವುದಕ್ಕೆ ಸಾಲದು. ನಿವೃತ್ತಿಯವರೆಗೂ ಒಂದು ಶಾಖೆಯ ಕ್ಲೇಮ್ ವಿಭಾಗದಲ್ಲಿದ್ದವಳು ನಾನು. ಸಾವಿನ ಮನೆಯ ಬಿಸಿಯಲ್ಲಿ ಮಾಡಿಸಿದ ಪಾಲಿಸಿ ಆ ಬಿಸಿ ಆರುತ್ತಿದ್ದಂತೆ ಲ್ಯಾಪ್ಸ್ ಆಗುವುದನ್ನು ಕಂಡಿದ್ದೇನೆ. ಎರಡನೆಯ ವರ್ಷದ ಕಂತಿನ ನೋಟಿಸ್ ಬರುವ ಹೊತ್ತಿಗೆ ಭಯ ಹೋಗಿರುತ್ತದೆ, ಶಾಲೆಯ ಫೀಸು ಎದುರಿಗಿರುತ್ತದೆ.

ಇನ್ನೊಂದು ತೊಂದರೆಯೂ ಇದೆ. ‘ನಿಮಗೆ ಏನಾದರೂ ಆದರೆ’ ಎಂದ ಕೂಡಲೇ ಒಳಗಿನಿಂದ ಅಜ್ಜಿಯ ದನಿ ಕೇಳುತ್ತದೆ: ‘ಬಿಡ್ತು ಅನ್ನಿ!’ ಏಜೆಂಟ್ ನಕ್ಕು ‘ಬಿಡ್ತು’ ಎನ್ನುತ್ತಾನೆ, ಕಾಫಿ ಕುಡಿದು ಎದ್ದು ಬರುತ್ತಾನೆ. ಮಾತು ಅಲ್ಲಿಗೇ ಮುಗಿಯಿತು. ಅಶುಭ ನುಡಿದವನ ಮುಂದೆ ಯಾವ ಮನೆಯೂ ತನ್ನ ಲೆಕ್ಕ ಬಿಚ್ಚುವುದಿಲ್ಲ. ಲೆಕ್ಕ ಬಿಚ್ಚದಿದ್ದರೆ ಎಷ್ಟು ವಿಮೆ ಬೇಕೆಂದು ಗೊತ್ತಾಗುವುದಿಲ್ಲ. ಆಗ ಐದು ಲಕ್ಷದ ಒಂದು ಪಾಲಿಸಿ ತೆಗೆದುಕೊಂಡು ಕೈ ತೊಳೆದುಕೊಳ್ಳುತ್ತಾರೆ.

ನನ್ನ ಪರೀಕ್ಷೆ ಸರಳವಾದದ್ದು. ಬರೆದ ಸಾಲನ್ನು ಶಾಖೆಯ ಗೋಡೆಯ ಮೇಲೆ ಹಚ್ಚಿದ್ದಾರೆ ಎಂದುಕೊಳ್ಳಿ. ಅದರ ಕೆಳಗೆ ಒಬ್ಬಾಕೆ ಮರಣ ಪ್ರಮಾಣಪತ್ರ, ಪಾಲಿಸಿ ಬಾಂಡ್ ಮತ್ತು ಪಾಸ್‌ಬುಕ್ ಹಿಡಿದು ಕುಳಿತಿದ್ದಾಳೆ. ತಲೆ ಎತ್ತಿ ಓದಿದಾಗ ಅವಳಿಗೆ ಏನೆನ್ನಿಸುತ್ತದೆ? ‘ನೀವಿಲ್ಲದಿದ್ದರೂ ಮನೆ ನಡೆಯುತ್ತದೆ’ ಎಂಬುದು ಅಲ್ಲಿ ಕ್ರೂರವಾಗಿ ಕೇಳಿಸುತ್ತದೆ.

ಪಾಲಿಸಿದಾರ 72

ನಾನು 20 ವರ್ಷ ಕಟ್ಟಿದರೆ ಕೊನೆಗೆ ಬೋನಸ್ ಸೇರಿ ಎಷ್ಟು ಬರುತ್ತದೆ? ತಿಂಗಳಿಗೆ ಬರುತ್ತದೆ ಎಂದಿದ್ದೀರಿ, ಅದು 60 ವರ್ಷಕ್ಕೆ ಶುರುವಾಗುತ್ತದೆಯೇ? ನಮ್ಮ ಭಾವನವರೂ ಇಂಥದ್ದೇ ಒಂದನ್ನು ಮಾಡಿಸಿದ್ದಾರೆ.

ಅಡಿಬರಹದವ

ಸರ್, ಇದು ಪಿಂಚಣಿ ಯೋಜನೆಯಲ್ಲ. ಪಾಲಿಸಿದಾರರು ಬದುಕಿರುವಾಗ ಇದರಿಂದ ಹಣ ಬರುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ನನಗೆ ತುಂಬ ಬೇಕಾಗಿತ್ತು. ‘ಒಂದನೇ ತಾರೀಕು’ ಎಂದರೆ ಓದಿದವರಿಗೆ ಪಿಂಚಣಿ ಎನ್ನಿಸುತ್ತದೆ ಎಂದಾಯಿತು.

ದಾವಣಗೆರೆ ಬೆಣ್ಣೆ

ಎರಡನೆಯ ಸಾಲು ಓದಿ ಸಿಟ್ಟು ಬಂತು. ‘ಒಬ್ಬರ ದುಡಿಮೆ’ ಎಂದರೆ ಯಾರದು? ನಮ್ಮ ಮನೆಗೆ ಒಂದೇ ಸಂಬಳ ಬರುವುದು ನಿಜ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರು ಮಕ್ಕಳಿಗೆ ಡಬ್ಬಿ ಕಟ್ಟಿ, ಅತ್ತೆಯವರಿಗೆ ಇನ್ಸುಲಿನ್ ಕೊಟ್ಟು, ರೇಷನ್ ಸರದಿಯಲ್ಲಿ ನಿಲ್ಲುವವಳು ನಾನು. ಸಂಬಳ ಒಂದು ಎನ್ನಿ ಒಪ್ಪುತ್ತೇನೆ, ದುಡಿಮೆ ಒಬ್ಬರದು ಎನ್ನಬೇಡಿ.

ಮನೆಯಲ್ಲಿ ದುಡ್ಡಿನ ಲೆಕ್ಕ ಎಲ್ಲಿರುತ್ತದೆ ಗೊತ್ತೇ? ನಮ್ಮಲ್ಲಿ ಅದು ಅಡುಗೆಮನೆಯ ಕ್ಯಾಲೆಂಡರಿನಲ್ಲಿದೆ. ಹಾಲು ಹಾಕದ ದಿನಕ್ಕೆ ಕೆಂಪು ಗೆರೆ, ಗ್ಯಾಸ್ ಬಂದ ದಿನಕ್ಕೆ ಸುತ್ತು, ಐದನೇ ತಾರೀಕಿನ ಪಕ್ಕದಲ್ಲಿ ‘ಚೀಟಿ’, ಹತ್ತರ ಪಕ್ಕದಲ್ಲಿ ‘ವ್ಯಾನ್’. ವಿಮೆಯವರು ಯಾರೂ ಆ ಹಾಳೆಯನ್ನು ನೋಡುವುದಿಲ್ಲ, ಯಜಮಾನರ ಪೇ ಸ್ಲಿಪ್ ಮಾತ್ರ ಕೇಳುತ್ತಾರೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಹಾಲಿನ ಲೆಕ್ಕದಿಂದ ಕಾಲೇಜಿನ ಫೀಸಿನವರೆಗೆ’.

ರಾತ್ರಿ ಪಾಳಿ

ಅಕ್ಕ, ನಿಮ್ಮ ಮಾತು ಸರಿ. ಆದರೆ ಎಲ್ಲರೂ ಸಂಬಳ ತರುವವನು ಗಂಡ ಎಂದೇ ಹಿಡಿದಿದ್ದೀರಿ. ನಾನು ನರ್ಸ್. ಮನೆಯಲ್ಲಿ ತಾಯಿ ಮತ್ತು ಮಗಳು, ಸಂಬಳ ನನ್ನದು. ಪೋಸ್ಟರಿನಲ್ಲಿ ಬ್ಯಾಗ್ ಹಿಡಿದ ಅಪ್ಪ ಕಂಡರೆ ನಾನು ಅದನ್ನು ಓದುವುದೇ ಇಲ್ಲ.

ನಿಯಮ ಪುಸ್ತಕ

ಒಂದು ವಿಮಾ ಕಂಪನಿಯಲ್ಲಿ ಜಾಹೀರಾತುಗಳನ್ನು ಅನುಮೋದನೆಗೆ ಮುನ್ನ ಓದುವ ಕೆಲಸ ಮಾಡುತ್ತೇನೆ. ಈ ಯೋಜನೆಗೂ ನನಗೂ ಸಂಬಂಧವಿಲ್ಲ.

‘ಒಂದನೇ ತಾರೀಕು ಎಂದಿಗೂ ತಪ್ಪದು’ ನನ್ನ ಮೇಜಿಗೆ ಬಂದರೆ ಕೆಂಪು ಶಾಯಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಮೊದಲ ತಿಂಗಳೇ ತಪ್ಪಬಹುದಲ್ಲ! 2024ರ ನಿಯಮದಂತೆ ತನಿಖೆ ಬೇಡದ ಮರಣ ಕ್ಲೇಮ್ ಇತ್ಯರ್ಥಕ್ಕೆ 15 ದಿನ, ತನಿಖೆ ಬೇಕಾದರೆ 45 ದಿನ ಕಾಲಾವಕಾಶವಿದೆ. ಆ ದಿನಗಳ ಲೆಕ್ಕ ಶುರುವಾಗುವುದೂ ಕುಟುಂಬ ಕ್ಲೇಮ್ ತಿಳಿಸಿದ ಮೇಲೆ. ಪಾಲಿಸಿ ಮಾಡಿಸಿ ಮೂರು ವರ್ಷವಾಗುವ ಮೊದಲು ಬಂದ ಕ್ಲೇಮನ್ನು ಕಂಪನಿಗಳು ಹೆಚ್ಚು ಜಾಗ್ರತೆಯಿಂದ ಪರಿಶೀಲಿಸುತ್ತವೆ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ಹಾಗಾಗಿ ಪ್ರಶ್ನೆಗಳೆಲ್ಲ ಅದಕ್ಕೆ ಮೊದಲೇ ಬರುತ್ತವೆ. ಇನ್ನು ‘ಎಂದಿಗೂ’ ಎಂಬ ಮಾತು: ಹಣ ಬರುವುದು 15 ವರ್ಷ. ಹದಿನಾರನೆಯ ವರ್ಷ ಅದು ನಿಲ್ಲುತ್ತದೆ.

‘ನಾಳೆಯ ಚಿಂತೆ ನಮಗಿರಲಿ’ ಎಂಬುದು ತಪ್ಪಲ್ಲ, ಸಪ್ಪೆ. ಬ್ಯಾಂಕು, ಚಿಟ್ ಫಂಡು, ನಿವೇಶನ ಮಾರುವವರು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಮುಂದಿನ ಸುತ್ತಿನಲ್ಲಿ ಯಾರಾದರೂ ‘ಗ್ಯಾರಂಟಿ’ ಎಂದು ಬರೆದೇ ಬರೆಯುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 2023ರ ನಂತರ ಕರ್ನಾಟಕದಲ್ಲಿ ‘ಪ್ರತಿ ತಿಂಗಳು’, ‘ಮನೆಯ ಯಜಮಾನಿಯ ಖಾತೆಗೆ’, ‘ಗ್ಯಾರಂಟಿ’ ಈ ಮೂರೂ ಒಂದೇ ಕಡೆ ಬಂದರೆ ಓದುವವರಿಗೆ ನೆನಪಾಗುವುದು ಗೃಹಲಕ್ಷ್ಮಿಯ 2,000 ರೂಪಾಯಿ. ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿಕೊಂಡು ಬರುತ್ತಾರೆ.

ಹುಬ್ಬಳ್ಳಿ ಏಜೆಂಟ್

ಎಲ್‌ಐಸಿಯವರ ‘ಜಿಂದಗಿ ಕೆ ಸಾಥ್ ಭೀ, ಜಿಂದಗಿ ಕೆ ಬಾದ್ ಭೀ’ ಎಂಬುದರಲ್ಲಿ ಸಾವಿನ ಮಾತು ನೇರವಾಗಿಯೇ ಇದೆಯಲ್ಲ. ಯಾರೂ ‘ಬಿಡ್ತು’ ಎನ್ನಲಿಲ್ಲ. ಊರೂರಿನ ಗೋಡೆಗಳ ಮೇಲೆ ಅದು ಇತ್ತು. ಇದಕ್ಕೇನು ಹೇಳುತ್ತೀರಿ ಮೇಡಂ?

ಕ್ಲೇಮ್ ಮೇಜು

ಒಳ್ಳೆಯ ಉದಾಹರಣೆ ಕೊಟ್ಟಿರಿ. ಅದರಲ್ಲಿ ಮೊದಲು ಬರುವುದು ಬದುಕು, ಆಮೇಲೆ ಬರುವುದು ಬದುಕಿನ ನಂತರದ ಮಾತು. ಕೇಳಿದವನಿಗೆ ಮೊದಲು ಒಡನಾಟ ಸಿಕ್ಕಿತು, ಹಾಗಾಗಿ ಎರಡನೆಯದು ಕಹಿಯಾಗಲಿಲ್ಲ. ಎಂಡೋಮೆಂಟ್ ಪಾಲಿಸಿಗೆ ಅದು ಅಕ್ಷರಶಃ ನಿಜ ಕೂಡ: ಬದುಕಿದ್ದರೆ ಮೆಚ್ಯೂರಿಟಿ ಹಣ, ಇಲ್ಲದಿದ್ದರೆ ಮರಣದ ಹಣ. ಬರೀ ಟರ್ಮ್ ಯೋಜನೆಗೆ ಅದೇ ಧಾಟಿಯಲ್ಲಿ ಬರೆದರೆ ಮೊದಲರ್ಧ ಸುಳ್ಳಾಗುತ್ತದೆ. 72 ಅವರಂತೆ ಜನ ಕೊನೆಗೆ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ, ಅದು ನ್ಯಾಯವೇ.

ಮರಣ ಎಂಬ ಮಾತನ್ನೇ ಬಳಸಬಾರದು ಎಂದು ನಾನು ಹೇಳುತ್ತಿಲ್ಲ. ಕ್ಲೇಮ್ ಮೇಜಿನಲ್ಲಿ ಆ ಮಾತನ್ನು ದಿನವೂ ಆಡುತ್ತಿದ್ದೆ, ಯಾರೂ ಹೆದರಲಿಲ್ಲ. ಹೆದರಿಕೆ ಹುಟ್ಟುವುದು ‘ಏನಾದರೂ ಆದರೆ’, ‘ಅಕಸ್ಮಾತ್’, ‘ದೇವರು ಹಾಗೆ ಮಾಡದಿರಲಿ, ಆದರೂ’ ಎಂಬ ಮಬ್ಬು ಮಾತುಗಳಿಂದ. ಕೇಳುವವನು ಆ ಮಬ್ಬಿನೊಳಗೆ ತನ್ನದೇ ಚಿತ್ರ ತುಂಬಿಕೊಳ್ಳುತ್ತಾನೆ.

ಅಡಿಬರಹದವ

ಹಾಗಾದರೆ ಮೊದಲು ಲೆಕ್ಕವನ್ನೇ ಬಿಚ್ಚಿ ನೋಡೋಣ. ಕಂಪನಿಯವರು ಮಾದರಿಯೆಂದು ಕೊಟ್ಟಿರುವ ಮನೆ ಹೀಗಿದೆ. ಪೀಣ್ಯದಲ್ಲಿ ಲೇಥ್ ನಡೆಸುವ ಕೆಲಸಗಾರ, ಕೈಗೆ ಬರುವ ಸಂಬಳ 42,000. ಹೆಂಡತಿ, ತಾಯಿ, ಇಬ್ಬರು ಮಕ್ಕಳು, ಕಿರಿಯವನಿಗೆ 7 ವರ್ಷ. ಅವನ ಸ್ವಂತ ಖರ್ಚು, ಅಂದರೆ ಪೆಟ್ರೋಲ್, ಊಟ, ಮೊಬೈಲ್ ಎಲ್ಲ ಸೇರಿ 7,000. ಮನೆ ಸಾಲದ ಕಂತು 9,000, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ವಿಮೆ ಇದೆ. ಉಳಿದ 26,000ದಲ್ಲಿ ಮನೆ ನಡೆಯುತ್ತದೆ. ಯೋಜನೆ ಕೊಡುವುದೂ ತಿಂಗಳಿಗೆ 26,000. ಅವನಿಗೆ ಇಂದೇ ಸಾವು ಬಂದರೂ ಕಿರಿಯವನಿಗೆ 22 ತುಂಬುವವರೆಗೆ ಹಣ ಬರುತ್ತಿರುತ್ತದೆ.

ಈ ಲೆಕ್ಕ ನೋಡಿದ ಮೇಲೆ ನನಗೆ ಹೊಳೆದದ್ದು: ‘ಮನೆಯ ಲೆಕ್ಕ ಎಂದಿನಂತೆ’.

ನಿಯಮ ಪುಸ್ತಕ

‘ಎಂದಿನಂತೆ’ ಬರೆಯುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಆ 26,000 ವರ್ಷದಿಂದ ವರ್ಷಕ್ಕೆ ಏರುತ್ತದೆಯೇ, ಅಥವಾ 15 ವರ್ಷವೂ ಅಷ್ಟೇ ಇರುತ್ತದೆಯೇ?

ಅಡಿಬರಹದವ

ಮೂಲ ಯೋಜನೆಯಲ್ಲಿ ಏರುವುದಿಲ್ಲ. ವರ್ಷಕ್ಕೆ ಶೇ. 5 ಏರುವ ಆಯ್ಕೆ ಇದೆ, ಅದಕ್ಕೆ ಕಂತು ಹೆಚ್ಚು.

ನಿಯಮ ಪುಸ್ತಕ

ಹಾಗಾದರೆ ಆ ಸಾಲು ನಿಲ್ಲುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತವೆ ಎಂದು ಇಟ್ಟುಕೊಳ್ಳಿ. ಇಂದು 26,000ಕ್ಕೆ ಬರುವ ಸಾಮಾನಿಗೆ 15 ವರ್ಷದ ನಂತರ ಸುಮಾರು 62,000 ಬೇಕಾಗುತ್ತದೆ. ಕೊನೆಯವರೆಗೂ 26,000 ಮಾತ್ರ ಬರುತ್ತಿದ್ದರೆ ಮೊದಲ ವರ್ಷ ಲೆಕ್ಕ ಎಂದಿನಂತೆ ಇರುತ್ತದೆ. ಕೊನೆಯ ವರ್ಷಗಳಲ್ಲಿ, ಮಗನ ಕಾಲೇಜಿನ ಹೊತ್ತಿಗೆ ಸರಿಯಾಗಿ, ಅದು ಅರ್ಧ ಮನೆಗೂ ಸಾಲದು. ಬೆಣ್ಣೆ ಅವರ ‘ಕಾಲೇಜಿನ ಫೀಸಿನವರೆಗೆ’ ಎಂಬ ಸಾಲು ಚೆನ್ನಾಗಿದೆ, ಆದರೆ ಅದೂ ಇದೇ ಕಲ್ಲಿಗೆ ಎಡವುತ್ತದೆ.

ಬ್ರೋಷರಿನಲ್ಲಿ ‘ಒಟ್ಟು 46.8 ಲಕ್ಷ’ ಎಂದು ದಪ್ಪಕ್ಷರದಲ್ಲಿ ಹಾಕಲೂ ಹೇಳುತ್ತಾರೆ, ನೋಡಿಕೊಳ್ಳಿ. 180 ತಿಂಗಳ ಹಣ ಕೂಡಿಸಿದರೆ ಅಷ್ಟಾಗುತ್ತದೆ, ಸುಳ್ಳಲ್ಲ. ಆದರೆ ಶೇ. 6ರ ಬಡ್ಡಿಯಲ್ಲಿ ಲೆಕ್ಕ ಹಾಕಿದರೆ ಇಂದು ಒಂದೇ ಸಲ ಕೊಡುವ 31 ಲಕ್ಷಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ದಾವಣಗೆರೆ ಬೆಣ್ಣೆ

31 ಲಕ್ಷವನ್ನು ಒಟ್ಟಿಗೇ ಕೊಟ್ಟುಬಿಟ್ಟರೆ ಆಗದೇ? ಬ್ಯಾಂಕಿನಲ್ಲಿ ಇಟ್ಟು ಬಡ್ಡಿಯಲ್ಲಿ ಬದುಕಬಹುದು.

ಕ್ಲೇಮ್ ಮೇಜು

ಬದುಕಬಹುದು, ಹಣ ಕೈಯಲ್ಲಿ ಉಳಿದರೆ. ದೊಡ್ಡ ಚೆಕ್ ಬಂದ ಮನೆಗೆ ಮೈದುನನ ವ್ಯಾಪಾರ, ಅಣ್ಣನ ನಿವೇಶನ, ಸಾಲ ಕೇಳುವ ನೆಂಟರು ಎಲ್ಲರೂ ಬರುತ್ತಾರೆ. ಇಲ್ಲವೆನ್ನುವ ಸ್ಥಿತಿಯಲ್ಲಿ ಆಕೆ ಇರುವುದಿಲ್ಲ. ತಿಂಗಳಿಗಿಷ್ಟೇ ಬರುವ ಹಣವನ್ನು ಯಾರೂ ಒಟ್ಟಿಗೆ ಕೇಳಲಾರರು. ಈ ಯೋಜನೆಯಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಅದೊಂದೇ. ಆದರೆ ನಿಮ್ಮ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಹಣ ನಿಭಾಯಿಸಬಲ್ಲ ಹೆಣ್ಣುಮಗಳಿಗೆ ಒಟ್ಟು ಮೊತ್ತವೇ ಲೇಸು, ಅವಳ ಕೈ ಕಟ್ಟುವುದೂ ಒಂದು ಬಗೆಯ ಅವಮಾನ.

ಅಂದ ಹಾಗೆ ಬೆಣ್ಣೆ ಅವರೇ, ನಿಮ್ಮ ಯಜಮಾನರ ಪಾಲಿಸಿಯಲ್ಲಿ ನಾಮಿನಿ ಯಾರೆಂದು ಇವತ್ತೇ ನೋಡಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಗಳಲ್ಲಿ ಹೆಚ್ಚಾಗಿ ತಾಯಿಯ ಹೆಸರೇ ಉಳಿದಿರುತ್ತದೆ.

ದಾವಣಗೆರೆ ಬೆಣ್ಣೆ

ನೋಡಿದೆ. ಅತ್ತೆಯವರ ಹೆಸರೇ ಇದೆ! ಈಗ ಇದನ್ನು ಮನೆಯಲ್ಲಿ ಹೇಗೆ ಎತ್ತುವುದು ಎಂಬುದೇ ದೊಡ್ಡ ಘೋಷವಾಕ್ಯ.

ಕರಡು ತಿದ್ದುವವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಸಂಬಳ ಎಂಬ ಮಾತು ಎಲ್ಲರ ಬಾಯಲ್ಲೂ ಬಂತು, ಅದರ ಜೊತೆಗಾರನನ್ನು ಮಾತ್ರ ಯಾರೂ ಕರೆಯಲಿಲ್ಲ: ‘ಮನೆಗೊಂದು ಸಂಬಳ, ಸಂಬಳಕ್ಕೊಂದು ಬೆಂಬಲ’.

ಗಂಡ ಹೆಂಡತಿ ಎಂಬ ಗೊಡವೆ ಇಲ್ಲ, ನರ್ಸ್ ಅವರಿಗೂ ಹೊಂದುತ್ತದೆ. ಇಲ್ಲ, ತಪ್ಪದು, ನಿಲ್ಲದು ಎಂಬ ನಿಷೇಧದ ಮಾತೂ ಇಲ್ಲ. ಳಕಾರ ಲಕಾರಗಳ ಪ್ರಾಸ ಶುದ್ಧವಲ್ಲ ಎಂದು ಯಾರಾದರೂ ಗೊಣಗಿದರೆ ಗೊಣಗಲಿ. ಬಸ್ಸಿನ ಹಿಂಬದಿಯಲ್ಲಿ ಓದುವವರು ಛಂದಸ್ಸಿನ ಪರೀಕ್ಷೆಗೆ ಕುಳಿತಿರುವುದಿಲ್ಲ.

ಹುಬ್ಬಳ್ಳಿ ಏಜೆಂಟ್

ಇದನ್ನು ಬಾಯಲ್ಲಿ ಹೇಳಬಹುದು! ಆದರೆ ‘ಮನೆಗೊಂದು ಸಂಬಳ’ ಎಂದು ಶುರು ಮಾಡಿದರೆ ‘ಮನೆಗೊಂದು ಮರ’ ಇದ್ದಂತೆ ಸರ್ಕಾರದ ಯೋಜನೆ ಎನ್ನಿಸುತ್ತದೆ. ಮನೆಗೊಬ್ಬರಿಗೆ ನೌಕರಿ ಕೊಡುತ್ತಾರೆ ಎಂದುಕೊಂಡು ಸಾಲು ನಿಂತಾರು. ‘ಒಂದೇ ಸಂಬಳ, ಜೊತೆಗೊಂದು ಬೆಂಬಲ’ ಎಂದರೆ ಹೇಗೆ?

ನಿಯಮ ಪುಸ್ತಕ

ಏಜೆಂಟರ ರೂಪ ಮೇಲು. ಆದರೂ ನನ್ನ ಕೆಂಪು ಶಾಯಿ ಪೂರ್ತಿ ಆರಿಲ್ಲ. ಸಂಬಳಕ್ಕೆ ಬೆಂಬಲ ಎಂದರೆ ಕೆಲಸ ಹೋದಾಗಲೂ ಹಣ ಬರುತ್ತದೆ ಎಂದು ಅರ್ಥವಾಗುವುದಿಲ್ಲವೇ? ಪೀಣ್ಯದ ಕಾರ್ಖಾನೆ ಬಾಗಿಲು ಹಾಕಿದ ದಿನ ಆ ಕೆಲಸಗಾರ ಪಾಲಿಸಿ ಹಿಡಿದು ಬಂದರೆ ಏನು ಹೇಳುತ್ತೀರಿ? ಕಾಯಿಲೆ ಬಿದ್ದು ರಜೆಯಲ್ಲಿದ್ದರೂ ಇದು ಕೊಡುವುದಿಲ್ಲ. ಭಯವನ್ನು ತೆಗೆಯುತ್ತ ತೆಗೆಯುತ್ತ ವಿಮೆ ಯಾತಕ್ಕೆಂಬುದನ್ನೇ ತೆಗೆದುಬಿಟ್ಟಿದ್ದೇವೆ.

ಕ್ಲೇಮ್ ಮೇಜು

ಅದಕ್ಕೇ ಕೆಳಗೆ ಇನ್ನೊಂದು ಸಾಲು ಬೇಕು, ಸಣ್ಣ ಅಕ್ಷರದಲ್ಲಲ್ಲ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ. ‘ಜೀವ ವಿಮೆ: ಪಾಲಿಸಿದಾರರ ಮರಣಾನಂತರ 15 ವರ್ಷ, ಪ್ರತಿ ತಿಂಗಳು, ಮನೆಗೆ’. ಇದರಲ್ಲಿ ಎಲ್ಲವೂ ಇದೆ, ಹೆದರಿಕೆಗೆ ಜಾಗವಿಲ್ಲ. ಗೋಡೆಯ ಕೆಳಗೆ ಕುಳಿತ ಆಕೆ ಓದಿದರೂ ಅವಳಿಗೆ ಮಾಹಿತಿ ಸಿಗುತ್ತದೆ.

ರಾತ್ರಿ ಪಾಳಿ

ನಿನ್ನೆ ಪಾಳಿಯಲ್ಲಿ ಸಹೋದ್ಯೋಗಿಗಳಿಗೆ ಎರಡೂ ಸಾಲು ತೋರಿಸಿ, ಇದು ಏನನ್ನು ಮಾರುತ್ತಿದೆ ಎಂದು ಕೇಳಿದೆ. ಮೇಲಿನದು ಮಾತ್ರ ಓದಿದವರಲ್ಲಿ ಒಬ್ಬಳು ‘ಮನೆಯಲ್ಲೇ ಕುಳಿತು ಮಾಡುವ ಎರಡನೆಯ ಕೆಲಸದ ಜಾಹೀರಾತೇ?’ ಎಂದಳು. ಕೆಳಗಿನದನ್ನೂ ಓದಿದ ಮೇಲೆ ಎಲ್ಲರಿಗೂ ತಿಳಿಯಿತು. ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬಳು ಮಾತ್ರ ‘15 ವರ್ಷ ಆದ ಮೇಲೆ?’ ಎಂದು ಕೇಳಿದಳು.

ಅಡಿಬರಹದವ

ಆ ಪ್ರಶ್ನೆಯನ್ನು ಕಂಪನಿಯವರಿಗೆ ಹಾಗೆಯೇ ದಾಟಿಸುತ್ತೇನೆ. ನಾಡಿದ್ದು ತೋರಿಸಲು ಎರಡು ಹಾಳೆ ಸಿದ್ಧ ಮಾಡುತ್ತಿದ್ದೇನೆ. ಒಂದರಲ್ಲಿ ‘ಒಂದೇ ಸಂಬಳ, ಜೊತೆಗೊಂದು ಬೆಂಬಲ’, ಕೆಳಗೆ ಕ್ಲೇಮ್ ಮೇಜು ಅವರ ಸಾಲು. ಇನ್ನೊಂದರಲ್ಲಿ ‘ಹಾಲಿನ ಲೆಕ್ಕದಿಂದ ಕಾಲೇಜಿನ ಫೀಸಿನವರೆಗೆ’, ಚಿತ್ರದಲ್ಲಿ ಗೆರೆ, ಸುತ್ತು ತುಂಬಿದ ಕ್ಯಾಲೆಂಡರ್ ಹಾಳೆ ಮಾತ್ರ, ಮನುಷ್ಯರೇ ಇಲ್ಲ. ಈ ಎರಡನೆಯದನ್ನು ಶೇ. 5 ಏರುವ ಆಯ್ಕೆಗೆ ಮಾತ್ರ ಬಳಸಬೇಕು ಎಂದು ಬರೆದು ಕೊಡುತ್ತೇನೆ.

ನಿಯಮ ಪುಸ್ತಕ

ಶೇ. 5 ಏರಿದರೂ ಶೇ. 6ರ ಬೆಲೆಗೆ ಸ್ವಲ್ಪ ಹಿಂದೆಯೇ ಉಳಿಯುತ್ತದೆ. ಅದು ಹಿಂದಿನ ವರ್ಷದ ಮೊತ್ತದ ಮೇಲೆ ಏರುತ್ತದೆಯೋ, ಮೊದಲ ವರ್ಷದ 26,000ದ ಮೇಲೆ ಮಾತ್ರವೋ ಎಂದೂ ಕೇಳಿ. ಎರಡನೆಯದಾದರೆ ಕೊನೆಯ ವರ್ಷ ಬರುವುದು 44,200 ಮಾತ್ರ, ‘ಕಾಲೇಜಿನ ಫೀಸಿನವರೆಗೆ’ ನನ್ನ ಮೇಜಿನಲ್ಲಿ ಮತ್ತೆ ಸಿಕ್ಕಿಬೀಳುತ್ತದೆ.

ಪಾಲಿಸಿದಾರ 72

ಎಲ್ಲ ಓದಿದೆ. ಹಾಗಾದರೆ ನನಗೆ ಈ ವಯಸ್ಸಿನಲ್ಲಿ ಇದು ಬೇಡ. ಮಗನಿಗೆ ಕಳುಹಿಸಿದ್ದೇನೆ, ಅವನ ಮನೆಯಲ್ಲಿ ಒಂದೇ ಸಂಬಳ.

ಹುಬ್ಬಳ್ಳಿ ಏಜೆಂಟ್

ಮಗ ಯಾವ ಊರಿನಲ್ಲಿದ್ದಾರೆ ಸರ್?